ದೇವರ ಪರವಾಗಿ ಸಹಿ ಯಾರದು? ಮೂರ್ತಿ, ನದಿ, ಪ್ರಾಣಿಗಳ ಕಾನೂನು ವ್ಯಕ್ತಿತ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ನ್ಯಾಯಶಾಸ್ತ್ರ ಪಾಠ ಮಾಡುತ್ತೇನೆ. ‘ವ್ಯಕ್ತಿ’ ಎಂಬ ಅಧ್ಯಾಯ ಬಂದಾಗಲೆಲ್ಲ ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪಾಠ ಮುಗಿಸಿ ಹೋದವರೂ ಪತ್ರದಲ್ಲಿ, ಫೋನಿನಲ್ಲಿ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಶುರುವಿಗೆ

ಸರ್, ಕಲ್ಲಿನ ಮೂರ್ತಿ ‘ವ್ಯಕ್ತಿ’ ಅಂದ್ರೆ ಅದಕ್ಕೆ ಜೀವ ಇದೆ ಅಂತ ಕೋರ್ಟ್ ಒಪ್ಪಿಕೊಂಡ ಹಾಗಾ?

ಇಲ್ಲ. ಜೀವದ ಪ್ರಶ್ನೆಗೆ ಕೋರ್ಟ್ ಕೈ ಹಾಕುವುದೇ ಇಲ್ಲ. ಕಾನೂನಿನಲ್ಲಿ ‘ವ್ಯಕ್ತಿ’ ಅಂದರೆ ಹಕ್ಕು ಮತ್ತು ಹೊಣೆಗಳನ್ನು ಯಾರ ಹೆಸರಿನಲ್ಲಿ ಬರೆಯಬಹುದೋ ಆ ಹೆಸರು. ನೀವು ಷೇರು ಕೊಂಡ ಕಂಪನಿಗೂ ಉಸಿರಿಲ್ಲ. ಆದರೂ ಅದು ಜಮೀನು ಕೊಳ್ಳುತ್ತದೆ, ಸಾಲ ಮಾಡುತ್ತದೆ, ಕೋರ್ಟಿಗೆ ಹೋಗುತ್ತದೆ. ಹಿಂದೆ ಗುಲಾಮರಿಗೆ ಜೀವ ಇತ್ತು, ಆದರೆ ರೋಮನ್ ಕಾನೂನು ಅವರನ್ನು ವಸ್ತು ಎಂದೇ ಎಣಿಸಿತ್ತು. ಜೀವ ಬೇರೆ, ಕಾನೂನು ವ್ಯಕ್ತಿತ್ವ ಬೇರೆ ಅನ್ನೋದಕ್ಕೆ ಈ ಎರಡು ಉದಾಹರಣೆ ಸಾಕು.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಕೆಲವೇ ದಿನ ತೆರೆಯುತ್ತದೆ. ಉಳಿದ ದಿನ ಬಾಗಿಲು ಹಾಕಿದೆ ಅಂತ ದೇವಿಯ ಹೆಸರಿನ ಒಡವೆ ಯಾರದೋ ಆಗಿಬಿಡುವುದಿಲ್ಲ, ಅಲ್ವಾ? ದರ್ಶನ ನಿಂತರೂ ಒಡೆತನ ನಿಲ್ಲುವುದಿಲ್ಲ. ಆ ಒಡೆತನವನ್ನು ಹಿಡಿದಿಡುವ ಗೂಟವೇ ಕಾನೂನು ವ್ಯಕ್ತಿತ್ವ.

ಈ ಅಧ್ಯಾಯದ ಎಲ್ಲ ಕೇಸನ್ನೂ ನಾನು ಮೂರು ಪ್ರಶ್ನೆ ಇಟ್ಟುಕೊಂಡು ಓದಿಸುತ್ತೇನೆ. ಇದರ ಹೆಸರಿನಲ್ಲಿ ಏನಿದೆ? ಇದರ ಪರವಾಗಿ ಮಾತಾಡುವವರು ಯಾರು? ಇದು ಸೋತರೆ ಅಥವಾ ತಪ್ಪು ಮಾಡಿದರೆ ತೆರುವವರು ಯಾರು? ಮೂರಕ್ಕೂ ಉತ್ತರ ಸಿಕ್ಕರೆ ವ್ಯಕ್ತಿತ್ವ ಕೆಲಸ ಮಾಡುತ್ತದೆ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಘೋಷಣೆ ಕಾಗದದ ಮೇಲೆ ಉಳಿಯುತ್ತದೆ.

ದೇವರಿಗೆ ಆಸ್ತಿ ಅನ್ನೋದು ಬ್ರಿಟಿಷರು ತಂದದ್ದಾ, ನಮ್ಮಲ್ಲಿ ಮೊದಲಿಂದಲೇ ಇತ್ತಾ?

ದೇವರಿಗೆ ದಾನ ಕೊಡುವುದು ಹಳೆಯದು. ಹೊಯ್ಸಳರ ಕಾಲದ ಶಾಸನಗಳು ನಮ್ಮ ಜಿಲ್ಲೆಯಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಇಂಥ ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ನಂದಾದೀಪಕ್ಕೆ ಅಂತ ಗದ್ದೆ, ಬೆದ್ದಲುಗಳನ್ನು ಧಾರೆಯೆರೆದು ಕೊಟ್ಟರು ಎಂದು ಅವುಗಳಲ್ಲಿ ಕೆತ್ತಿದೆ. ಕೊನೆಯಲ್ಲಿ, ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನಿಗೆ ಕೇಡು ಎಂಬ ಶಾಪ. ಅಂದರೆ ಇದನ್ನು ಯಾರೂ ತಮ್ಮದು ಮಾಡಿಕೊಳ್ಳಬಾರದು ಎಂಬ ಕಟ್ಟು ಆಗಲೇ ಇತ್ತು. ಅದನ್ನು ಕಾಯಲು ಕೋರ್ಟಿನ ಬದಲು ಶಾಪ ಇತ್ತು.

ಆದರೆ ಒಂದು ಸೂಕ್ಷ್ಮ ಇದೆ. ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರು ದೇವರು ಒಡೆಯ ಎಂಬ ಮಾತನ್ನು ನೇರವಾಗಿ ಒಪ್ಪಲಿಲ್ಲ. ಅವರಲ್ಲಿ ಭಾಷ್ಯಕಾರ ಶಬರಸ್ವಾಮಿಯ ವಾದ ಹೀಗಿದೆ: ಒಡೆಯ ಎಂದರೆ ತನ್ನ ವಸ್ತುವನ್ನು ತನಗೆ ಬೇಕಾದ ಹಾಗೆ ಬಳಸುವವನು. ದೇವರು ಊರನ್ನಾಗಲಿ ಹೊಲವನ್ನಾಗಲಿ ಹಾಗೆ ಬಳಸುವುದಿಲ್ಲ. ಆದ್ದರಿಂದ ‘ದೇವರ ಊರು’, ‘ದೇವರ ಹೊಲ’ ಎಂಬುದು ಗೌಣಾರ್ಥದ ಮಾತು. 1956ರಲ್ಲಿ ಸುಪ್ರೀಂ ಕೋರ್ಟ್ ದೇವಕಿ ನಂದನ್ ವಿರುದ್ಧ ಮುರಳೀಧರ್ ಕೇಸಿನಲ್ಲಿ ಇದೇ ಜಾಡಿನಲ್ಲಿ ನಡೆಯಿತು. ಮೂರ್ತಿಯ ಒಡೆತನ ಆದರ್ಶದ ಅರ್ಥದಲ್ಲಿ ಮಾತ್ರ, ಅದರ ನಿಜವಾದ ಫಲಾನುಭವಿಗಳು ಭಕ್ತರು ಎಂದು ಹೇಳಿತು. ಇಂಗ್ಲಿಷ್ ಕೋರ್ಟುಗಳು ತಂದದ್ದು ದಾವೆ ಹಾಕುವ ರೂಪವನ್ನು. ಅದರ ಒಳಗಿನ ತಿರುಳು ಇಲ್ಲಿಯದೇ.

ಇಷ್ಟೆಲ್ಲ ಯಾಕೆ? ಒಂದು ಟ್ರಸ್ಟ್ ಅಂದುಬಿಟ್ಟಿದ್ರೆ ಸಾಕಿತ್ತಲ್ಲ?

ಇಂಗ್ಲಿಷ್ ಟ್ರಸ್ಟಿನಲ್ಲಿ ಆಸ್ತಿಯ ಕಾನೂನು ಒಡೆತನ ಟ್ರಸ್ಟಿಯದು. ನಮ್ಮ ಭಕ್ತ ಜಮೀನು ಬರೆದುಕೊಟ್ಟದ್ದು ದೇವರಿಗೆ, ಧರ್ಮದರ್ಶಿಗೆ ಅಲ್ಲ. ಒಡೆತನವನ್ನು ನೋಡಿಕೊಳ್ಳುವವನಿಗೇ ಕೊಟ್ಟರೆ ಅವನ ಸಾಲಗಾರರು, ಅವನ ಮಕ್ಕಳು, ಅವನಿಂದ ಕೊಂಡವರು ಎಲ್ಲರೂ ಬಾಗಿಲಿಗೆ ಬರುತ್ತಾರೆ. ಒಡೆತನವನ್ನು ಮೂರ್ತಿಯ ಹೆಸರಿನಲ್ಲೇ ಇಟ್ಟು, ನೋಡಿಕೊಳ್ಳುವವನನ್ನು ಮೇನೇಜರ್ ಅಷ್ಟೇ ಮಾಡಿದರೆ ಆ ಬಾಗಿಲು ಮುಚ್ಚುತ್ತದೆ.

ನಮ್ಮೂರ ದೇವಸ್ಥಾನದ ಜಮೀನಿನ ಪಹಣಿಯಲ್ಲಿ ಅರ್ಚಕರ ಹೆಸರಿದೆ. ಹಾಗಾದ್ರೆ ಜಮೀನು ಅವರದೇನಾ?

ಪಹಣಿ ನೋಡುವಾಗ ಒಡೆಯರ ಹೆಸರಿರುವ 9ನೇ ಕಾಲಂ ಬೇರೆ, ಸಾಗುವಳಿದಾರರ 12ನೇ ಕಾಲಂ ಬೇರೆ ಎಂಬುದನ್ನು ಮೊದಲು ಗಮನಿಸಿ. ಪಹಣಿ ಕಂದಾಯದ ದಾಖಲೆ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ.

2021ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಅರ್ಚಕರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು. ಒಡೆಯರ ಕಾಲಂನಲ್ಲಿ ದೇವರ ಹೆಸರೇ ಇರಬೇಕು. ಅರ್ಚಕ ಆ ಜಮೀನನ್ನು ದೇವರ ಪರವಾಗಿ ಹಿಡಿದಿರುವವನು, ಗೇಣಿದಾರನೂ ಅಲ್ಲ, ಒಡೆಯನೂ ಅಲ್ಲ. ಅರ್ಚಕರ ಹೆಸರು ಕಂಡರೆ ಜಮೀನು ಮಾರಾಟಕ್ಕೆ ದಾರಿಯಾಗುತ್ತದೆ ಎಂಬುದೇ ಅಲ್ಲಿ ಸರ್ಕಾರದ ಕಾಳಜಿಯಾಗಿತ್ತು.

ಆದರೆ ನಮ್ಮ ಕಡೆ ಇದನ್ನು ಸುಮ್ನೆ ಅಂಟಿಸಬೇಡಿ. ಹಳೆ ಮೈಸೂರು ಸೀಮೆಯಲ್ಲಿ ಧಾರ್ಮಿಕ ಇನಾಂ ರದ್ದತಿ ಕಾಯ್ದೆ 1955ರಲ್ಲೇ ಬಂತು. ಆಮೇಲೆ ಭೂ ಸುಧಾರಣೆಯೂ ಆಯಿತು. ಕೆಲವು ಜಮೀನುಗಳಿಗೆ ಆ ಕಾಯ್ದೆಗಳ ಕೆಳಗೆ ಹಕ್ಕು ಬೇರೆಯವರ ಹೆಸರಿಗೆ ಹೋಗಿರಬಹುದು. ಆದ್ದರಿಂದ ಮೂಲ ದಾನಪತ್ರ, ಇನಾಂ ದಾಖಲೆ, ಇನಾಂ ರದ್ದಾದಾಗಿನ ಆದೇಶ, ಮ್ಯುಟೇಶನ್, ಈ ಸಾಲಿನಲ್ಲಿ ನೋಡಿ. ಪಹಣಿ ಕೊನೆಗೆ.

## ಮಾತಾಡುವವರು ಯಾರು

ದೇವರ ಪರ ವಕಾಲತ್ತಿಗೆ ಸಹಿ ಹಾಕೋದು ಯಾರು? ನಾನು ಬರೀ ಭಕ್ತ, ನಾನು ಹಾಕಬಹುದಾ?

ಸಾಮಾನ್ಯವಾಗಿ ಹಾಕಬೇಕಾದವರು ದೇವಸ್ಥಾನವನ್ನು ನೋಡಿಕೊಳ್ಳುವವರು. ಬಂಗಾಳದ ಕೇಸುಗಳಲ್ಲಿ ಅವರನ್ನು ಶೆಬಾಯತ್ ಎನ್ನುತ್ತಾರೆ. ನಮ್ಮಲ್ಲಿ ಧರ್ಮದರ್ಶಿ, ಮೊಕ್ತೇಸರ, ಇಲ್ಲವೇ ಮುಜರಾಯಿ ದೇವಸ್ಥಾನವಾದರೆ ಕಾಯ್ದೆಯ ಪ್ರಕಾರದ ವ್ಯವಸ್ಥಾಪನಾ ಸಮಿತಿ. ಪುಸ್ತಕದಲ್ಲಿ ಶೆಬಾಯತ್ ಎಂದು ಓದಿ ಅದು ಅರ್ಚಕ ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಅರ್ಚಕ ಪೂಜೆ ಮಾಡುವವನು. ಆಡಳಿತವೂ ಅವನ ಕೈಲಿದ್ದರೆ ಮಾತ್ರ ಆ ಪಟ್ಟ.

ಈಗ ಒಂದು ಕಲ್ಪನೆಯ ಉದಾಹರಣೆ. ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ಈಶ್ವರ ದೇವಸ್ಥಾನಕ್ಕೆ 2 ಎಕರೆ 10 ಗುಂಟೆ ಗದ್ದೆ. ಧರ್ಮದರ್ಶಿ ಅದನ್ನು ಪಕ್ಕದ ಕಾಫಿ ತೋಟದವರಿಗೆ ಕ್ರಯ ಮಾಡಿಕೊಟ್ಟ. ದೀಪದ ಎಣ್ಣೆಗೂ ದುಡ್ಡಿಲ್ಲ. ದಾವೆ ಹಾಕಬೇಕಾದವನು ಅದೇ ಧರ್ಮದರ್ಶಿ. ಅವನು ತನ್ನದೇ ಕ್ರಯದ ವಿರುದ್ಧ ಹಾಕುತ್ತಾನಾ?

1967ರ ಬಿಶ್ವನಾಥ್ ವಿರುದ್ಧ ಠಾಕೂರ್ ರಾಧಾ ಬಲ್ಲಭ್‌ಜಿ ಕೇಸಿನಲ್ಲಿ ಇದೇ ಕಗ್ಗಂಟು. ನೋಡಿಕೊಳ್ಳುವವನೇ ದೇವರ ಹಿತಕ್ಕೆ ವಿರುದ್ಧ ನಿಂತಾಗ ಅಥವಾ ದಾವೆ ಹಾಕಲು ಒಪ್ಪದಿದ್ದಾಗ, ಒಬ್ಬ ಭಕ್ತ ವಾದಮಿತ್ರನಾಗಿ ದೇವರ ಹೆಸರಿನಲ್ಲಿ ದಾವೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ನಮ್ಮ ಹಳ್ಳಿಯ ದಾವೆಯಲ್ಲಿ ವಾದಿ ಈಶ್ವರ ಸ್ವಾಮಿ, ಅವರ ಪರವಾಗಿ ವಾದಮಿತ್ರನೊಬ್ಬ. ಪ್ರತಿವಾದಿಗಳು ಧರ್ಮದರ್ಶಿ ಮತ್ತು ಕೊಂಡವರು. ವಕಾಲತ್ತಿಗೆ ಸಹಿ ವಾದಮಿತ್ರನದು.

ದಾವೆಯಲ್ಲಿ ಏನು ಸಾಬೀತು ಮಾಡಬೇಕು? ಜಮೀನು ದೇವರಿಗೆ ಮುಡಿಪಾಗಿತ್ತು ಎಂಬುದನ್ನು ಮೊದಲು ತೋರಿಸಬೇಕು. ಆಮೇಲೆ ಬರುವುದು ಮಾರಿದ್ದು ದೇವಸ್ಥಾನದ ಅಗತ್ಯಕ್ಕಾಗಿ ಅಲ್ಲ ಎಂಬ ಮಾತು. 1875ರಲ್ಲೇ, ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಶೆಬಾಯತನ ಅಧಿಕಾರವನ್ನು ಅಪ್ರಾಪ್ತ ವಾರಸುದಾರನ ಆಸ್ತಿ ನೋಡುವ ಮೇನೇಜರಿಗೆ ಹೋಲಿಸಿತ್ತು. ಅಗತ್ಯ ಅಥವಾ ಲಾಭ ಇದ್ದರೆ ಮಾತ್ರ ಮಾರಬಹುದು. ಗೋಡೆ ಬಿದ್ದು ರಿಪೇರಿ ಆಗಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ ಎಂದು ಕೊಂಡವರು ತೋರಿಸಿದರೆ ಕ್ರಯ ಉಳಿಯಬಹುದು. ಹಾಗೆ ತೋರಿಸುವ ಭಾರವೂ ಅವರದೇ.

ಇದು ಎಲ್ಲಿ ಹಳಿ ತಪ್ಪುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಭಕ್ತ ತನ್ನ ಹೆಸರಿನಲ್ಲೇ, ಜಮೀನು ನನಗೆ ಕೊಡಿಸಿ ಎಂದು ದಾವೆ ಹಾಕಿಬಿಡುತ್ತಾನೆ. ಆಗ ಹಕ್ಕು ದೇವರದು, ಕೇಳುತ್ತಿರುವವನು ಬೇರೆ. ದಾವೆ ಅಲ್ಲೇ ಎಡವುತ್ತದೆ.

ಮಲ್ಲಿಕ್ ಕೇಸ್ ಅಂತ ಎಲ್ರೂ ಒಂದು ಸಾಲು ಬರೀತಾರೆ. ಅಲ್ಲಿ ನಿಜವಾಗಿ ಏನಾಯ್ತು?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಖುಷಿ. ಪ್ರಮಥನಾಥ ಮಲ್ಲಿಕ್ ವಿರುದ್ಧ ಪ್ರದ್ಯುಮ್ನ ಕುಮಾರ್ ಮಲ್ಲಿಕ್, ಪ್ರಿವಿ ಕೌನ್ಸಿಲ್, 1925. ಮೂರ್ತಿ ಕಾನೂನು ವ್ಯಕ್ತಿ, ದಾವೆ ಹೂಡಬಲ್ಲದು, ಅದರ ಮೇಲೂ ಹೂಡಬಹುದು ಎಂಬ ಸಾಲಷ್ಟನ್ನೇ ಎಲ್ಲರೂ ಬರೆಯುತ್ತಾರೆ. ಆ ಸಾಲು ಆ ಹೊತ್ತಿಗೆ ಹಳೆಯದೇ ಆಗಿತ್ತು. ಹೊಸದು ಬೇರೆ ಇತ್ತು.

ಕಲ್ಕತ್ತೆಯ ಒಂದು ಮನೆತನ. ಮನೆದೇವರ ಪೂಜೆಯ ಸರದಿ ಅಣ್ಣತಮ್ಮಂದಿರ ಮಧ್ಯೆ ಹಂಚಿಕೆಯಾಗಿತ್ತು. ನಮ್ಮ ಮಲೆನಾಡಿನ ಮನೆಗಳಲ್ಲೂ ಈ ಸರದಿ ಗೊತ್ತಲ್ಲ. ತನ್ನ ಸರದಿ ಬಂದಾಗ ಮೂರ್ತಿಯನ್ನು ಠಾಕೂರ್‌ಬಾಡಿಯಿಂದ, ಅಂದರೆ ದೇವರ ಮನೆಯಿಂದ, ತನ್ನ ವಾಸದ ಮನೆಗೆ ಒಯ್ಯಬಹುದೇ ಎಂಬುದೇ ಜಗಳ. ಮೂರ್ತಿ ಬರೀ ಚರ ಆಸ್ತಿಯಾಗಿದ್ದರೆ ಉತ್ತರ ಸುಲಭ. ಪಾಲುದಾರನೊಬ್ಬ ತನ್ನ ಸರದಿಯಲ್ಲಿ ಗಡಿಯಾರವನ್ನು ಒಯ್ದಹಾಗೆ ಒಯ್ಯಬಹುದು.

ಲಾರ್ಡ್ ಶಾ ಬರೆದ ತೀರ್ಪು ಅದನ್ನು ಒಪ್ಪಲಿಲ್ಲ. ಮೂರ್ತಿ ಚರ ವಸ್ತುವಲ್ಲ. ತಾನು ಎಲ್ಲಿರಬೇಕು ಎಂಬ ವಿಷಯದಲ್ಲಿ ಮೂರ್ತಿಯ ಇಚ್ಛೆಗೆ ಬೆಲೆ ಕೊಡಬೇಕು ಎಂದಿತು. ಮೂರ್ತಿಯ ಇಚ್ಛೆ ಯಾರ ಬಾಯಲ್ಲಿ ಬರಬೇಕು? ಶೆಬಾಯತರ ಬಾಯಲ್ಲಿ. ಆದರೆ ಇಲ್ಲಿ ಜಗಳ ಆಡುತ್ತಿರುವವರೇ ಶೆಬಾಯತರು! ಪ್ರತಿಯೊಬ್ಬನೂ ದೇವರ ಇಚ್ಛೆ ಎಂದು ತನ್ನ ಇಚ್ಛೆಯನ್ನೇ ಹೇಳುತ್ತಾನೆ. ಆದ್ದರಿಂದ ಈ ಜಗಳದಲ್ಲಿ ಯಾವ ಸ್ವಾರ್ಥವೂ ಇಲ್ಲದ ಒಬ್ಬ ವಾದಮಿತ್ರನನ್ನು ಕೋರ್ಟೇ ನೇಮಿಸಬೇಕು, ದೇವರ ಪರ ಅವನು ಹೇಳಲಿ ಎಂದು ಕೇಸನ್ನು ವಾಪಸ್ ಕಳಿಸಿತು. ಮನೆಯ ಹೆಂಗಸರ ಅಭಿಪ್ರಾಯವೂ ಕೋರ್ಟಿಗೆ ತಿಳಿಯಬೇಕು ಎಂದಿತು. ಪೂಜೆಯಲ್ಲಿ ಅವರಿಗೂ ಭಾಗ ಇದೆ, ಶೆಬಾಯತ್ ಪಟ್ಟದಲ್ಲಿ ಇಲ್ಲದಿದ್ದರೂ.

ಆ ಕೇಸಿನ ಜೀವ ಇಲ್ಲಿದೆ. ವ್ಯಕ್ತಿ ಎಂದು ಕರೆದು ಬಿಟ್ಟುಬಿಡಲಿಲ್ಲ. ಮಾತಾಡುವವನ ಹಿತ ಮತ್ತು ಆ ವ್ಯಕ್ತಿಯ ಹಿತ ಬೇರೆಯಾದಾಗ ಏನು ಮಾಡಬೇಕು ಎಂದು ದಾರಿ ತೋರಿಸಿತು. ನದಿಯ ಪ್ರಶ್ನೆಗೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ದೇವರು ಯಾವಾಗಲೂ ಮೈನರ್ ಅಂತಾರೆ. ಹಾಗಾದ್ರೆ ನೂರು ವರ್ಷ ಆದ್ಮೇಲೂ ದಾವೆ ಹಾಕಬಹುದಾ?

ಪರೀಕ್ಷೆಯಲ್ಲಿ ಜಾಸ್ತಿ ಜನ ಬೀಳುವ ಹಳ್ಳ ಇದು. ಮೈನರ್ ಎನ್ನುವುದು ಒಂದು ಹೋಲಿಕೆ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಲಾಗದು, ಇನ್ನೊಬ್ಬರು ನೋಡಿಕೊಳ್ಳಬೇಕು ಎಂಬಷ್ಟಕ್ಕೆ ಆ ಹೋಲಿಕೆ ಸರಿ. ಕಾಲಮಿತಿ ಕಾಯ್ದೆಯ 6ನೇ ಕಲಂ ಮೈನರಿಗೆ ವಯಸ್ಸಿಗೆ ಬಂದ ಮೇಲೆ ಸಮಯ ಕೊಡುತ್ತದೆ. ದೇವರು ವಯಸ್ಸಿಗೆ ಬರುವುದೇ ಇಲ್ಲವಲ್ಲ. ಹಾಗೆ ಬಿಟ್ಟರೆ ಜಮೀನು ಕೊಂಡ ಯಾರಿಗೂ ಎಂದಿಗೂ ನೆಮ್ಮದಿ ಇಲ್ಲ. ಆದ್ದರಿಂದ ಕೋರ್ಟುಗಳು ಈ ವಿನಾಯಿತಿಯನ್ನು ಮೂರ್ತಿಗೆ ಕೊಟ್ಟಿಲ್ಲ. 2019ರ ಅಯೋಧ್ಯೆ ತೀರ್ಪೂ ಅದನ್ನೇ ಹೇಳಿತು.

ಹಾಗಂತ ದೇವರಿಗೆ ರಕ್ಷಣೆ ಇಲ್ಲ ಎಂದಲ್ಲ. ಹಿಂದಿನ ಧರ್ಮದರ್ಶಿ ಜಮೀನನ್ನು ದುಡ್ಡಿಗೆ ಮಾರಿದ್ದರೆ, ಅದನ್ನು ವಾಪಸ್ ಪಡೆಯಲು ಹೊಸ ಧರ್ಮದರ್ಶಿಗೆ 12 ವರ್ಷ ಇದೆ. ಕಾಲಮಿತಿ ಕಾಯ್ದೆಯ 96ನೇ ಅನುಚ್ಛೇದ ನೋಡಿ. ಆ 12 ವರ್ಷ ಮಾರಾಟದ ದಿನದಿಂದ ಶುರುವಾಗುವುದಿಲ್ಲ. ಮಾರಿದವನು ಸತ್ತ, ರಾಜೀನಾಮೆ ಕೊಟ್ಟ ಅಥವಾ ಪದವಿಯಿಂದ ತೆಗೆದ ದಿನ, ಇಲ್ಲವೇ ಹೊಸಬನು ನೇಮಕವಾದ ದಿನ, ಇವುಗಳಲ್ಲಿ ಯಾವುದು ತಡವೋ ಅಲ್ಲಿಂದ. ಕಳ್ಳನ ಕೈಯಲ್ಲೇ ಬೀಗದ ಕೈ ಇರುವಷ್ಟು ದಿನ ಗಡಿಯಾರ ಓಡದಿರಲಿ ಎಂಬ ಯೋಚನೆ ಅದು.

ಮೂರ್ತಿ ಒಡೆದುಹೋದ್ರೆ ಅಥವಾ ಕಳುವಾದ್ರೆ ವ್ಯಕ್ತಿ ಸತ್ತ ಹಾಗಾ?

ಅಲ್ಲ. ವ್ಯಕ್ತಿತ್ವ ಕಲ್ಲಿಗೆ ಅಂಟಿಲ್ಲ. ದಾನಿಯ ಧರ್ಮಕಾರ್ಯದ ಉದ್ದೇಶಕ್ಕೆ ಅಂಟಿದೆ, ಮೂರ್ತಿ ಆ ಉದ್ದೇಶದ ಕಣ್ಣಿಗೆ ಕಾಣುವ ರೂಪ. ರೂಪ ಹೋದರೂ ಉದ್ದೇಶ ಉಳಿಯುತ್ತದೆ, ಮತ್ತೆ ಪ್ರತಿಷ್ಠೆ ಮಾಡಬಹುದು.

ತಮಿಳುನಾಡಿನ ಪತ್ತೂರಿನ ನಟರಾಜನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1976ರಲ್ಲಿ ಕೂಲಿಯವನೊಬ್ಬನಿಗೆ ಪಾಳುಬಿದ್ದ ದೇವಸ್ಥಾನದ ಹತ್ತಿರ ಮಣ್ಣಿನಲ್ಲಿ ಕಂಚಿನ ನಟರಾಜ ಸಿಕ್ಕಿತು. ಕೈಯಿಂದ ಕೈಗೆ ದಾಟಿ ಅದು ಲಂಡನ್ ಸೇರಿತು. 1982ರಲ್ಲಿ ಬಂಪರ್ ಡೆವಲಪ್‌ಮೆಂಟ್ ಎಂಬ ಕಂಪನಿ ಕೊಂಡಿತು. ಪೊಲೀಸರು ಹಿಡಿದಾಗ ಕಂಪನಿ ದಾವೆ ಹಾಕಿತು. ಎದುರಿಗೆ ನಿಂತದ್ದು ಶತಮಾನಗಳಿಂದ ಪೂಜೆ ನಿಂತುಹೋಗಿದ್ದ ಆ ದೇವಸ್ಥಾನ! 1991ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ಕೋರ್ಟು, ಹಿಂದೂ ಕಾನೂನಿನ ಪ್ರಕಾರ ವ್ಯಕ್ತಿಯಾದ ದೇವಸ್ಥಾನ ತನ್ನ ಪ್ರತಿನಿಧಿಯ ಮೂಲಕ ಇಲ್ಲೂ ವಾದ ಮಾಡಬಹುದು ಎಂದು ಒಪ್ಪಿ, ನಟರಾಜನನ್ನು ದೇವಸ್ಥಾನಕ್ಕೇ ಕೊಡಿಸಿತು. ಇಂಗ್ಲಿಷ್ ಕಾನೂನಿನಲ್ಲಿ ಅಂಥ ವ್ಯಕ್ತಿಯೇ ಇಲ್ಲ. ಆದರೂ ನಮ್ಮ ಕಾನೂನಿನ ವ್ಯಕ್ತಿಯನ್ನು ಅಲ್ಲಿ ಗೌರವಿಸಿದರು.

ಮಸೀದಿ, ಗುರುದ್ವಾರಕ್ಕೂ ಇದೇ ರೂಲಾ?

ಒಂದೇ ರೂಲಲ್ಲ. 1940ರ ಶಹೀದ್‌ಗಂಜ್ ಕೇಸಿನಲ್ಲಿ ಪ್ರಿವಿ ಕೌನ್ಸಿಲ್, ಮಸೀದಿಯ ಕಟ್ಟಡ ತನ್ನ ಹೆಸರಿನಲ್ಲಿ ದಾವೆ ಹೂಡುವ ವ್ಯಕ್ತಿಯಲ್ಲ ಎಂದಿತು. ಅಲ್ಲಿ ವಕ್ಫ್ ಎಂಬ ಬೇರೆ ವ್ಯವಸ್ಥೆ ಇದೆ. 2000ದಲ್ಲಿ ಸುಪ್ರೀಂ ಕೋರ್ಟ್ ಗುರು ಗ್ರಂಥ ಸಾಹಿಬ್ ಕಾನೂನು ವ್ಯಕ್ತಿ ಎಂದಿತು. ಆ ಸಮುದಾಯ ಯಾವುದನ್ನು ಕೇಂದ್ರವಾಗಿಟ್ಟು ದಾನ ಕೊಡುತ್ತದೆ ಎಂಬುದನ್ನು ಕೋರ್ಟು ನೋಡುತ್ತದೆ.

## ಸ್ವಲ್ಪ ಆಳಕ್ಕೆ

ದೇವರು ವ್ಯಕ್ತಿ ಆದ್ರೆ ತೆರಿಗೆ ಕಟ್ಟಬೇಕಾ? ಮೂಲಭೂತ ಹಕ್ಕೂ ಇರುತ್ತಾ?

ತೆರಿಗೆಯ ಪ್ರಶ್ನೆಗೆ ಉತ್ತರ 1969ರಲ್ಲೇ ಬಂತು. ಯೋಗೇಂದ್ರನಾಥ್ ನಸ್ಕರ್ ಕೇಸಿನಲ್ಲಿ, ದೇವರು ಆದಾಯ ತೆರಿಗೆ ಕಾಯ್ದೆ ಹೇಳುವ ‘ಇಂಡಿವಿಜುವಲ್’ ಅಲ್ಲ ಎಂದು ಶೆಬಾಯತರು ವಾದಿಸಿದರು. ಆಸ್ತಿ ಇಟ್ಟುಕೊಳ್ಳುವ, ಅದರಿಂದ ಆದಾಯ ಪಡೆಯುವ ವ್ಯಕ್ತಿಯಾದರೆ ತೆರಿಗೆಗೂ ವ್ಯಕ್ತಿಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಕ್ಕಿನ ಜೊತೆಗೆ ಹೊರೆಯೂ ಬರುತ್ತದೆ.

ಮೂಲಭೂತ ಹಕ್ಕಿನ ವಿಷಯ ಬೇರೆ. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್, ಕೆಲವು ಉದ್ದೇಶಗಳಿಗೆ ಕಾನೂನು ವ್ಯಕ್ತಿಯಾದ ಮಾತ್ರಕ್ಕೆ ದೇವರಿಗೆ ಸಂವಿಧಾನದ ಮೂರನೇ ಭಾಗದ ಹಕ್ಕುಗಳು ಬರುವುದಿಲ್ಲ ಎಂದರು. ನನಗೆ ಇದು ಸರಿಯೆನಿಸುತ್ತದೆ. ಜಮೀನು ಕಾಯಲು ಕಟ್ಟಿದ ಬೇಲಿಯನ್ನು ಮನುಷ್ಯರ ಘನತೆಗೆ ಎದುರಾಗಿ ನಿಲ್ಲಿಸಬಾರದು.

ಅಯೋಧ್ಯೆಯಲ್ಲಿ ರಾಮಲಲ್ಲಾ ವ್ಯಕ್ತಿ, ಆದ್ರೆ ಜನ್ಮಭೂಮಿ ಜಾಗ ವ್ಯಕ್ತಿ ಅಲ್ಲ. ಯಾಕೆ ಹೀಗೆ ಬೇರೆ ಮಾಡಿದ್ರು?

1989ರ ದಾವೆಯಲ್ಲಿ ಎರಡೂ ವಾದಿಗಳೇ. ಒಂದು ರಾಮಲಲ್ಲಾ, ಇನ್ನೊಂದು ಸ್ಥಾನ. ಜಾಗಕ್ಕೇ ವ್ಯಕ್ತಿತ್ವ ಕೊಟ್ಟರೆ ಏನಾಗುತ್ತದೆ ನೋಡಿ. ಜಾಗವೇ ವಾದಿ, ಜಾಗವೇ ದಾವೆಯ ವಸ್ತು. ವ್ಯಕ್ತಿಯ ಮೇಲೆ ಯಾರಿಗೂ ಒಡೆತನ ಇರಲಾಗದು. ಹಾಗಾದರೆ ಎದುರು ಪಕ್ಷದವರ ಒಡೆತನ, ಸ್ವಾಧೀನ, ಕಾಲಮಿತಿ ಎಲ್ಲ ವಾದಗಳೂ ಕೇಳುವ ಮೊದಲೇ ಬಿದ್ದುಹೋಗುತ್ತವೆ. ನಂಬಿಕೆಯ ಆಧಾರದ ಮೇಲೆ ಇಂಥ ಫಲ ಕೊಡಲಾಗದು ಎಂದು ಐವರು ನ್ಯಾಯಮೂರ್ತಿಗಳು ಆ ವಾದವನ್ನು ತಳ್ಳಿಹಾಕಿದರು. ಮೂರ್ತಿಯ ವ್ಯಕ್ತಿತ್ವ ಹಾಗಲ್ಲ. ಮೂರ್ತಿ ವ್ಯಕ್ತಿಯಾದರೂ ಅದರ ಆಸ್ತಿಯ ಮೇಲೆ ಬೇರೆಯವರು ವಾದ ಮಾಡಬಹುದು.

ಹೇಮಾವತಿಯನ್ನು ವ್ಯಕ್ತಿ ಅಂತ ಘೋಷಣೆ ಮಾಡಿದ್ರೆ ನದಿ ಉಳಿಯಲ್ವಾ ಸರ್?

ಈ ಪ್ರಶ್ನೆಯ ಹಿಂದಿನ ಕಾಳಜಿ ನನ್ನದೂ ಹೌದು. ಮೂಡಿಗೆರೆ ಕಡೆ ಹುಟ್ಟಿ, ಗೊರೂರಿನಲ್ಲಿ ಅಣೆಕಟ್ಟೆ ಸೇರಿ, ಮುಂದೆ ಕಾವೇರಿಗೆ ಕೂಡುವ ಆ ನೀರನ್ನೇ ನಾವು ಕುಡಿಯುವುದು. ಆದರೂ ಮೂರು ಪ್ರಶ್ನೆ ಕೇಳಲೇಬೇಕು.

ಮೊದಲು ಗಂಗೆಯ ಕಥೆ. 2017ರ ಮಾರ್ಚ್ 20ರಂದು ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನಾ ಮತ್ತು ಅವುಗಳ ಉಪನದಿಗಳು ಕಾನೂನು ವ್ಯಕ್ತಿಗಳು ಎಂದಿತು. ಆಧಾರವಾಗಿ ಎತ್ತಿಕೊಂಡದ್ದು ನಾವು ಮೇಲೆ ನೋಡಿದ ಮೂರ್ತಿಗಳ ಕೇಸುಗಳನ್ನೇ. ತಂದೆತಾಯಿಯ ಸ್ಥಾನದಲ್ಲಿ ಮೂವರನ್ನು ನಿಲ್ಲಿಸಿತು: ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ಉತ್ತರಾಖಂಡದ ಮುಖ್ಯ ಕಾರ್ಯದರ್ಶಿ, ಅದೇ ರಾಜ್ಯದ ಅಡ್ವೊಕೇಟ್ ಜನರಲ್. ಅದೇ ವರ್ಷ ಜುಲೈ 7ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಮೇಲ್ಮನವಿ ಹಾಕಿದ್ದು ಉತ್ತರಾಖಂಡ ಸರ್ಕಾರವೇ. ನದಿ ಹಲವು ರಾಜ್ಯಗಳಲ್ಲಿ ಹರಿಯುತ್ತದೆ, ಒಂದು ರಾಜ್ಯದ ಮುಖ್ಯ ಕಾರ್ಯದರ್ಶಿ ಬೇರೆ ರಾಜ್ಯಕ್ಕೆ ಏನು ಹೇಳಬಲ್ಲರು? ಪ್ರವಾಹ ಬಂದು ಜನ ಸತ್ತರೆ ನದಿಯ ಮೇಲೆ ದಾವೆ ಹಾಕಿ ಪರಿಹಾರವನ್ನು ಇವರಿಂದ ವಸೂಲು ಮಾಡಬೇಕಾ? ಇವು ಸಣ್ಣ ತಕರಾರುಗಳಲ್ಲ. ನನ್ನ ಮೂರನೇ ಪ್ರಶ್ನೆಯೇ ಇದು. ಎರಡನೇ ಪ್ರಶ್ನೆಯೂ ಅಲ್ಲಿ ಸೋತಿದೆ. ನದಿಗೆ ಕೊಳೆ ಬಿಡುವವರಲ್ಲಿ, ಅಣೆಕಟ್ಟೆಗೆ ಒಪ್ಪಿಗೆ ಕೊಡುವವರಲ್ಲಿ ಸರ್ಕಾರವೂ ಒಂದು. ಅದೇ ಸರ್ಕಾರದ ಅಧಿಕಾರಿಯನ್ನು ನದಿಯ ಬಾಯಿ ಮಾಡಿದರೆ ಮಲ್ಲಿಕ್ ಕೇಸಿನ ಪಾಠ ಮರೆತ ಹಾಗಲ್ಲವೇ? ಅಲ್ಲಿ ಸ್ವಾರ್ಥವಿಲ್ಲದ ವಾದಮಿತ್ರ ಬೇಕೆಂದರು. ಇಲ್ಲಿ ಪ್ರತಿವಾದಿಯಾಗಬೇಕಾದವರನ್ನೇ ಪೋಷಕರನ್ನಾಗಿ ಮಾಡಿದರು.

ಈಗ ನ್ಯೂಜಿಲೆಂಡಿನ ವಾಂಗನುಯಿ ನದಿ ನೋಡಿ. ಅಲ್ಲೂ 2017ರ ಮಾರ್ಚ್‌ನಲ್ಲೇ, ಆದರೆ ಸಂಸತ್ತು ಮಾಡಿದ ಕಾಯ್ದೆ. ಮಾವೊರಿ ಜನ ದಶಕಗಟ್ಟಲೆ ಹೋರಾಡಿ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದ ಫಲ. ಸರ್ಕಾರದ ಕೈಯಲ್ಲಿದ್ದ ನದಿಪಾತ್ರವನ್ನು ನದಿಯ ಹೆಸರಿಗೇ ಮಾಡಿದರು. ನೀರಿನ ಮೇಲೆ ಮಾತ್ರ ಯಾರಿಗೂ ಒಡೆತನ ಕೊಡಲಿಲ್ಲ. ನದಿಯ ಪರ ಮಾತಾಡಲು ಇಬ್ಬರು, ಒಬ್ಬರನ್ನು ಸರ್ಕಾರದ ಕಡೆಯಿಂದ, ಒಬ್ಬರನ್ನು ನದಿಯ ಮಾವೊರಿ ಪಂಗಡಗಳ ಕಡೆಯಿಂದ ನೇಮಿಸುತ್ತಾರೆ. ಖರ್ಚಿಗೆ 3 ಕೋಟಿ ನ್ಯೂಜಿಲೆಂಡ್ ಡಾಲರಿನ ನಿಧಿ. ಮೂರು ಪ್ರಶ್ನೆಗೂ ಉತ್ತರ ಕಾಯ್ದೆಯ ಒಳಗೇ ಇದೆ.

ಹೇಮಾವತಿಗೆ ಇದನ್ನು ಹೊಂದಿಸಿ. ಅವಳ ನೀರು ಕಾವೇರಿಯ ಲೆಕ್ಕದಲ್ಲಿ ಸೇರಿದೆ. 2018ರ ಫೆಬ್ರವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಂತರರಾಜ್ಯ ನದಿಯ ನೀರು ರಾಷ್ಟ್ರದ ಆಸ್ತಿ, ಯಾವ ರಾಜ್ಯವೂ ಒಡೆಯನಲ್ಲ ಎಂದಿದೆ. ಆದ್ದರಿಂದ ಕರ್ನಾಟಕದ ಒಂದು ಆದೇಶ ಮಾತ್ರ ಸಾಲದು. ನದಿಯ ಹೆಸರಿಗೆ ಏನು ಕೊಡುತ್ತೀರಿ? ಪಾತ್ರವನ್ನೇ, ಬೇಸಿಗೆಯಲ್ಲಿ ಇಷ್ಟು ನೀರು ಹರಿಯಲೇಬೇಕು ಎಂಬ ಹಕ್ಕನ್ನೇ? ಅವಳ ಪರ ಕೂರುವವರಲ್ಲಿ ಮೂಡಿಗೆರೆಯ ತೋಟದವರು, ಗೊರೂರಿನ ಮುಳುಗಡೆಯ ಸಂತ್ರಸ್ತರು, ಕೆಳಗಿನ ಕಾಲುವೆಯ ರೈತರು ಎಲ್ಲರೂ ಇರಬೇಕಾ? ಕಾಯ್ದೆಯ ಕರಡಿನಲ್ಲಿ ಇದನ್ನೆಲ್ಲ ಬರೆದರೆ ಘೋಷಣೆಗೆ ಬಲ ಬರುತ್ತದೆ. ಬರೆಯದೆ ‘ತಾಯಿ’ ಎಂದು ಕರೆದರೆ ಅವಳಿಗೆ ಈಗಾಗಲೇ ಇರುವ ಹೆಸರನ್ನೇ ಮತ್ತೆ ಕೊಟ್ಟ ಹಾಗೆ.

ಎತ್ತಿನ ಗಾಡಿ ಓಟದ ಎತ್ತಿಗೆ ಹಕ್ಕು ಇದೆಯಾ, ಇಲ್ವಾ? ಎರಡು ತೀರ್ಪು ಎರಡು ಥರ ಹೇಳ್ತವೆ.

ಸುಪ್ರೀಂ ಕೋರ್ಟಿನ 2014ರ ನಾಗರಾಜ ತೀರ್ಪು ಜಲ್ಲಿಕಟ್ಟನ್ನೂ ಗಾಡಿ ಓಟವನ್ನೂ ನಿಲ್ಲಿಸಿತು. ಇಬ್ಬರು ನ್ಯಾಯಮೂರ್ತಿಗಳ ಪೀಠ ಅದು. 21ನೇ ವಿಧಿಯ ‘ಜೀವ’ ಪದವನ್ನು ಹಿಗ್ಗಿಸಿ ಪ್ರಾಣಿಯ ಘನತೆಯ ಮಾತಾಡಿತು. ಆಮೇಲೆ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳು ಕಾಯ್ದೆಗೆ ತಿದ್ದುಪಡಿ ಮಾಡಿದವು. ನಮ್ಮದು ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ. 2023ರ ಮೇ 18ರಂದು ಐವರ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಎನ್ನಲು ಹಿಂದಿನ ತೀರ್ಪುಗಳ ಆಧಾರ ಕಾಣುತ್ತಿಲ್ಲ ಎಂದೂ ಹೇಳಿತು. ಪರೀಕ್ಷೆಯಲ್ಲಿ 2014ರ ಮಾತನ್ನಷ್ಟೇ ಬರೆದು ನಿಲ್ಲಿಸಿದರೆ ಉತ್ತರ ಅರ್ಧ.

ಹಾಗಾದರೆ ಎತ್ತಿಗೆ ಇರುವುದು ಏನು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಂ ಸಾಕಿದವನ ಮೇಲೆ ಹೊಣೆ ಹೊರಿಸುತ್ತದೆ. 11ನೇ ಕಲಂ ಹೊಡೆಯುವುದು, ಮಿತಿಮೀರಿ ಹೊರಿಸುವುದು ಮುಂತಾದವನ್ನು ಅಪರಾಧ ಎನ್ನುತ್ತದೆ. ಚುಚ್ಚುವ ಮೊಳೆ ಹೊಡೆದ ಬಾರುಗೋಲು ಹಿಡಿದರೆ ಶಿಕ್ಷೆಯಾಗುವುದು ಓಡಿಸುವವನಿಗೆ. ಆದರೆ ಎತ್ತು ವಾದಿಯಾಗಿ ನಷ್ಟ ಕೇಳಲಾಗದು. ನಮ್ಮ ಮೇಲಿನ ಹೊಣೆ, ಎತ್ತಿನ ವ್ಯಕ್ತಿತ್ವ, ಎರಡನ್ನೂ ಬೇರೆಯಾಗಿ ಇಡಿ.

2018ರಲ್ಲಿ ಉತ್ತರಾಖಂಡ ಹೈಕೋರ್ಟ್, ನೇಪಾಳದ ಗಡಿಯ ಕುದುರೆಗಾಡಿಗಳ ಕೇಸಿನಲ್ಲಿ, ಹಕ್ಕಿ ಮೀನುಗಳೂ ಸೇರಿ ಇಡೀ ಪ್ರಾಣಿಕುಲ ಕಾನೂನು ವ್ಯಕ್ತಿ ಎಂದಿತು. ರಾಜ್ಯದ ಎಲ್ಲ ನಾಗರಿಕರೂ ಪೋಷಕರು ಎಂದಿತು. ಅದೇ ತೀರ್ಪಿನಲ್ಲಿ ಗಾಡಿಗೆ ಎಷ್ಟು ಭಾರ ಹೇರಬಹುದು ಎಂಬ ಮಿತಿಗಳಿವೆ. ನನ್ನ ಲೆಕ್ಕದಲ್ಲಿ ಕುದುರೆಗೆ ನಿಜವಾಗಿ ದಕ್ಕಿದ್ದು ಆ ಮಿತಿಗಳೇ. ಎಲ್ಲರೂ ಪೋಷಕರಾದರೆ ಸೋಮವಾರ ಬೆಳಿಗ್ಗೆ ಕೋರ್ಟಿಗೆ ಹೋಗುವವರು ಯಾರು ಎಂದು ಹೇಳಲಾಗದು.

ಆನೆ ವ್ಯಕ್ತಿ ಅಂತಾದ್ರೆ, ನಮ್ಮ ತೋಟ ತುಳಿದಿದ್ದಕ್ಕೆ ಆನೆ ಮೇಲೆ ದಾವೆ ಹಾಕಬಹುದಾ?

ಆಲೂರು ಕಡೆಯ ಹುಡುಗಿಯೊಬ್ಬಳು ಇದನ್ನು ಕೇಳಿದಾಗ ತರಗತಿ ನಕ್ಕಿತು. ಅವಳು ನಗಲಿಲ್ಲ. ಹಿಂದಿನ ವಾರ ಅವರ ಮನೆಯ ಭತ್ತದ ಗದ್ದೆ ಹೋಗಿತ್ತು.

ಪ್ರಶ್ನೆ ಸರಿಯಾಗಿದೆ. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ಕೋರ್ಟು ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಆನೆಯ ಬಿಡುಗಡೆಯ ಅರ್ಜಿಯನ್ನು 5-2ರಲ್ಲಿ ವಜಾ ಮಾಡಿತು. ಅಕ್ರಮ ಬಂಧನದಿಂದ ಬಿಡಿಸುವ ಹೇಬಿಯಸ್ ಕಾರ್ಪಸ್ ರಿಟ್ ಮನುಷ್ಯರಿಗೆ ಮಾತ್ರ ಎಂದಿತು. ಆನೆ ಹೊಣೆ ಹೊರಲಾಗದು, ಆದ್ದರಿಂದ ಹಕ್ಕೂ ಇಲ್ಲ ಎನ್ನುವವರಿದ್ದಾರೆ. ಈ ವಾದ ನನಗೆ ಗಟ್ಟಿ ಅನ್ನಿಸುವುದಿಲ್ಲ. ತೊಟ್ಟಿಲ ಕೂಸೂ ಹೊಣೆ ಹೊರಲಾರದು, ಆದರೂ ಅದು ವ್ಯಕ್ತಿ. ಮೂರ್ತಿಯೂ ತೆರಿಗೆಯನ್ನು ತನ್ನ ಕೈಯಿಂದ ಕಟ್ಟುವುದಿಲ್ಲ, ಅದರ ಆಸ್ತಿಯಿಂದ ಕಟ್ಟುತ್ತಾರೆ.

ವ್ಯತ್ಯಾಸ ಇರುವುದು ಅಲ್ಲೇ. ಮೂರ್ತಿಗೆ ಗದ್ದೆ ಇದೆ, ಹುಂಡಿ ಇದೆ. ಸೋತರೆ ಅದರಿಂದ ತೆರಬಹುದು. ಕಾಡಾನೆಯ ಹೆಸರಿನಲ್ಲಿ ಏನೂ ಇಲ್ಲ, ಓಡಾಡುವ ದಾರಿಯೂ ಇಲ್ಲ. ಈಗ ಬೆಳೆ ಪರಿಹಾರ ಕೊಡುವುದು ಅರಣ್ಯ ಇಲಾಖೆ. ನಾಳೆ ಆನೆಯನ್ನು ವ್ಯಕ್ತಿ ಎಂದರೂ ಆ ಹುಡುಗಿಯ ಅಪ್ಪ ಅರ್ಜಿ ಹಿಡಿದು ಅದೇ ಕಚೇರಿಗೆ ಹೋಗಬೇಕು. ಆನೆದಾರಿಯನ್ನು ಆನೆಯ ಹೆಸರಿಗೆ ಬರೆದು, ಅದನ್ನು ನೋಡಿಕೊಳ್ಳಲು ಇಲಾಖೆಯ ಹೊರಗಿನ ಪೋಷಕರನ್ನೂ ಒಂದು ನಿಧಿಯನ್ನೂ ಇಟ್ಟರೆ ಆಗ ಬೇರೆ ಮಾತು. ಆಗ ದಾರಿಗೆ ಅಡ್ಡ ಬೇಲಿ ಹಾಕಿದವರ ಮೇಲೆ ಆನೆ ದಾವೆ ಹೂಡಬಹುದು, ಗದ್ದೆ ಕಳಕೊಂಡವರು ಆ ನಿಧಿಯಿಂದ ಪರಿಹಾರ ಕೇಳಬಹುದು. ಹಾಗೊಂದು ಕರಡು ಬರೆದು ತಾ ಎಂದು ಅವಳಿಗೆ ಹೇಳಿದೆ. ನಾಲ್ಕು ಪುಟ ಬರೆದು ತಂದಳು. ಪೋಷಕರ ಪಟ್ಟಿಯಲ್ಲಿ ಮೊದಲು ಬರೆದದ್ದು ಗದ್ದೆ ಕಳಕೊಂಡ ರೈತನೊಬ್ಬನನ್ನು.